ಥರ್ಮೋಕಪಲ್ 500 ಅಂದರೆ ಹೊಗೆ ಎಷ್ಟು ಬಿಸಿ?

ಸಕ್ಕರೆ ಕಾರ್ಖಾನೆಯ ಬಾಯ್ಲರಿನಲ್ಲಿ ಕಬ್ಬಿನ ಸಿಪ್ಪೆ ಉರಿದು ಬಂದ ಹೊಗೆ ಅನಿಲ ದೊಡ್ಡದೊಂದು ಉಕ್ಕಿನ ಡಕ್ಟಿನಲ್ಲಿ ಹರಿಯುತ್ತಿದೆ ಎಂದುಕೊಳ್ಳಿ. ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ಹೊರಗಿನ ಇನ್ಸುಲೇಶನ್ ಕಿತ್ತುಹೋಗಿರುವುದರಿಂದ ಗೋಡೆ 300 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ನಿಂತಿದೆ. ಡಕ್ಟಿನೊಳಕ್ಕೆ ಇಳಿಬಿಟ್ಟ 10 ಮಿಲಿಮೀಟರ್ ದಪ್ಪದ ಥರ್ಮೋಕಪಲ್ 500 ಡಿಗ್ರಿ ತೋರಿಸುತ್ತಿದೆ. ಆಪರೇಟರ್ ಅದನ್ನೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಅನಿಲ ಮಾತ್ರ 600 ಡಿಗ್ರಿಯನ್ನೂ ದಾಟಿದೆ.

ಉಪಕರಣ ಕೆಟ್ಟಿಲ್ಲ. ಥರ್ಮೋಕಪಲ್ ಹೇಳುವುದು ತನ್ನ ತುದಿಯ ಉಷ್ಣತೆಯನ್ನು. ಅನಿಲ ಆ ತುದಿಗೆ ತಾಗಿ ಹರಿಯುತ್ತಾ ಅದನ್ನು ಕಾಯಿಸುತ್ತದೆ. ಆದರೆ ತುದಿಗೆ ಸುತ್ತಲೂ ಕಾಣುವುದು ತಣ್ಣಗಿನ ಗೋಡೆ, ಹಾಗಾಗಿ ಪಡೆದ ಶಾಖವನ್ನು ವಿಕಿರಣದ ಮೂಲಕ ಗೋಡೆಗೆ ಕೊಡುತ್ತಲೇ ಇರುತ್ತದೆ. ಬರುವ ಶಾಖವೂ ಹೋಗುವ ಶಾಖವೂ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಅದು ಅನಿಲಕ್ಕಿಂತ ಕೆಳಗೆ, ಗೋಡೆಗಿಂತ ಮೇಲೆ ಎಲ್ಲೋ ಒಂದು ಕಡೆ. ಈ ಸಮತೋಲನವನ್ನು ಬರೆದರೆ ತಿದ್ದುಪಡಿಯ ಸೂತ್ರ ಸಿಗುತ್ತದೆ:

Tg = Tt + εσ(Tt⁴ − Tw⁴)/h

Tg ಅನಿಲದ, Tt ಥರ್ಮೋಕಪಲ್ಲಿನ, Tw ಗೋಡೆಯ ಉಷ್ಣತೆ. ನಾಲ್ಕನೇ ಘಾತ ಇರುವುದರಿಂದ ಉಷ್ಣತೆಗಳನ್ನು ಕೆಲ್ವಿನ್ನಿನಲ್ಲೇ ಹಾಕಬೇಕು. ಸೆಲ್ಸಿಯಸ್ ಹಾಕಿದರೆ ಲೆಕ್ಕ ಪೂರ್ತಿ ಹಾಳು. σ ಎಲ್ಲ ಕಡೆಗೂ ಒಂದೇ ಆದ ಸ್ಥಿರಾಂಕ, 5.67×10⁻⁸. ε ಎಂದರೆ ಮೇಲ್ಮೈ ಎಷ್ಟು ಚೆನ್ನಾಗಿ ವಿಕಿರಣ ಸೂಸುತ್ತದೆ ಎಂಬ ಅಳತೆ. ಕಪ್ಪುಗಟ್ಟಿದ ಲೋಹದ ಕವಚಕ್ಕೆ 0.8 ಎನ್ನಬಹುದು. h ಎಂದರೆ ಅನಿಲ ತುದಿಗೆ ಎಷ್ಟು ಸಲೀಸಾಗಿ ಶಾಖ ದಾಟಿಸುತ್ತದೆ ಎಂಬುದು. ಈ ದಪ್ಪಕ್ಕೆ, ಈ ವೇಗಕ್ಕೆ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 100 ವ್ಯಾಟ್.

ಥರ್ಮೋಕಪಲ್ 773 ಕೆಲ್ವಿನ್, ಗೋಡೆ 573. ಸೂತ್ರಕ್ಕೆ ಹಾಕಿದರೆ ಚದರ ಮೀಟರಿಗೆ 11,300 ವ್ಯಾಟ್ ಗೋಡೆಗೆ ಹೋಗುತ್ತಿದೆ. 100ರಿಂದ ಭಾಗಿಸಿದರೆ ತಿದ್ದುಪಡಿ 113 ಡಿಗ್ರಿ. ಅನಿಲದ ನಿಜವಾದ ಉಷ್ಣತೆ 613. ಸೆಕೆಂಡಿಗೆ 10 ಕಿಲೋ ಅನಿಲ ಹರಿಯುವ ಡಕ್ಟಿನಲ್ಲಿ ಲೆಕ್ಕಕ್ಕೇ ಸಿಗದೆ ಉಳಿದ ಈ ಶಾಖ ಸುಮಾರು 1.3 ಮೆಗಾವ್ಯಾಟ್. ಬಾಯ್ಲರಿನ ದಕ್ಷತೆಯ ಲೆಕ್ಕ ತಾಳೆಯಾಗದೆ ತಲೆ ಕೆರೆದುಕೊಳ್ಳುವವರು ಮೊದಲು ನೋಡಬೇಕಾದ ಜಾಗಗಳಲ್ಲಿ ಇದೂ ಒಂದು.

ಇಷ್ಟಾದರೂ ಆ 113ನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. h ಅಂದಾಜಿನಲ್ಲಿ ಶೇ. 20 ಆಚೀಚೆ ಆಗುವುದು ತೀರಾ ಸಾಮಾನ್ಯ. 80 ಹಾಕಿದರೆ ತಿದ್ದುಪಡಿ 141 ಆಗುತ್ತದೆ, 120 ಹಾಕಿದರೆ 94. ತಿದ್ದುಪಡಿ ದೊಡ್ಡದಾದಷ್ಟೂ ಅದರೊಳಗಿನ ಅನುಮಾನವೂ ದೊಡ್ಡದು. ಕವಚಕ್ಕೆ ಬೂದಿ ಕೂತರೆ ε ಕೂಡ ಬದಲಾಗುತ್ತದೆ.

ಹಾಗಾಗಿ ನನಗೆ ಸೂತ್ರಕ್ಕಿಂತ ಹೆಚ್ಚು ಹಿಡಿಸುವುದು ಎರಡು ಥರ್ಮೋಕಪಲ್ ಇಡುವ ಉಪಾಯ. ಅದೇ ಜಾಗದಲ್ಲಿ, ಅದೇ ಲೋಹದ ಕವಚವಿರುವ 1 ಮಿಲಿಮೀಟರಿನ ತೆಳ್ಳನೆಯದೊಂದನ್ನು ಇಡಿ. ತೆಳ್ಳಗಾದಷ್ಟೂ h ಹೆಚ್ಚುತ್ತದೆ. ಇಲ್ಲಿ ಸುಮಾರು 3.4 ಪಟ್ಟು. ಅದು 562 ತೋರಿಸುತ್ತದೆ. ಒಂದೇ ಅನಿಲದಲ್ಲಿ ಎರಡು ರೀಡಿಂಗ್ ಬಂದದ್ದೇ ಗೋಡೆ ಶಾಖ ಎಳೆಯುತ್ತಿದೆ ಎಂಬುದಕ್ಕೆ ಸುಳಿವು. ಎರಡಕ್ಕೂ ಸಮತೋಲನ ಬರೆದು ಒಂದನ್ನು ಇನ್ನೊಂದರಿಂದ ಭಾಗಿಸಿದರೆ ε ಮಾಯವಾಗುತ್ತದೆ, h ಎಷ್ಟೆಂದೂ ಗೊತ್ತಿರಬೇಕಿಲ್ಲ, ಅವುಗಳ ಅನುಪಾತ ಸಾಕು. ಉತ್ತರ 612. ತೆಳ್ಳನೆಯದು ಬೂದಿ ತುಂಬಿದ ಹೊಗೆಯಲ್ಲಿ ಬಹಳ ದಿನ ಬಾಳುವುದಿಲ್ಲ ನಿಜ, ಆದರೆ ಒಮ್ಮೆ ಅಳೆದು ದಪ್ಪನೆಯದರ ತಿದ್ದುಪಡಿಯನ್ನು ಪರೀಕ್ಷಿಸಲು ಅಷ್ಟು ಸಾಕು.

ಇನ್ನೊಂದು ದಾರಿ, ತುದಿಯ ಸುತ್ತ ಎರಡೂ ಕಡೆ ತೆರೆದ ಕೊಳವೆಯೊಂದನ್ನು ತೊಡಿಸುವುದು. ಅನಿಲ ಅದರೊಳಗೂ ಹೊರಗೂ ಹರಿದು ಕೊಳವೆಯನ್ನು 540ರ ಹತ್ತಿರಕ್ಕೆ ಕಾಯಿಸುತ್ತದೆ. ಈಗ ತುದಿಗೆ ಕಾಣುವ ಗೋಡೆ ಅದೇ, ಆದ್ದರಿಂದ ರೀಡಿಂಗ್ 575ಕ್ಕೆ ಏರುತ್ತದೆ. ಅನಿಲವನ್ನು ಪಂಪಿನಿಂದ ವೇಗವಾಗಿ ಒಳಗೆಳೆದುಕೊಳ್ಳುವ ಸಕ್ಷನ್ ಪೈರೋಮೀಟರ್ ಇದೇ ಯೋಚನೆಯ ಮುಂದಿನ ಹೆಜ್ಜೆ.

ಈ ಸೂತ್ರ ಅನಿಲವನ್ನು ಪಾರದರ್ಶಕ ಎಂದುಕೊಂಡಿದೆ. ದೊಡ್ಡ ಡಕ್ಟಿನಲ್ಲಿ ಇಂಗಾಲದ ಡೈಆಕ್ಸೈಡ್, ನೀರಾವಿ, ಮಸಿ ತಾವೇ ವಿಕಿರಣ ಸೂಸಿ ತುದಿಯನ್ನು ಕಾಯಿಸುವುದರಿಂದ, ಲೆಕ್ಕ ಹಾಕಿದ ತಿದ್ದುಪಡಿ ಕೊಂಚ ಜಾಸ್ತಿಯೇ ಆಗಬಹುದು.

ಇನ್ಸುಲೇಶನ್ ರಿಪೇರಿ ಮಾಡಿಸಿದ ಮೇಲೂ ಒಂದು ಮೋಸ ಕಾದಿರುತ್ತದೆ. ಗೋಡೆ 300ರಿಂದ 450ಕ್ಕೆ ಏರಿದರೆ ದಪ್ಪನೆಯ ಥರ್ಮೋಕಪಲ್ 500 ಬಿಟ್ಟು 540ರ ಹತ್ತಿರ ತೋರಿಸತೊಡಗುತ್ತದೆ. ಬೆಂಕಿ ಜೋರಾಯಿತೆಂದು ಸಿಪ್ಪೆ ಕಡಿಮೆ ಮಾಡುವ ಮೊದಲು ಆಪರೇಟರ್ ಗೋಡೆಯ ರೀಡಿಂಗನ್ನೂ ಪಕ್ಕದಲ್ಲೇ ಬರೆದುಕೊಂಡರೆ, ಅನಿಲ ಅದೇ 613ರಲ್ಲೇ ಇದೆ ಎಂದು ಅವನಿಗೇ ತಿಳಿಯುತ್ತದೆ.