ಬಾಣಲೆ ಬಿಟ್ಟು ಓವನ್‌ಗೆ ಬಂದ ಸಮೋಸ

ಸುರಪುರದ ನಮ್ಮ ಮನೆಯಲ್ಲಿ ಮೊದಲ ಸಲ ಸಮೋಸವನ್ನು ಓವನ್‌ನಲ್ಲಿಟ್ಟಾಗ 180 ಡಿಗ್ರಿಯಲ್ಲಿ 20 ನಿಮಿಷ ಬಿಟ್ಟಿದ್ದೆವು. ಹೊರಬಂದ ಸಮೋಸ ಬಿಳಿಚಿಕೊಂಡಿತ್ತು, ಅಂಚು ಕಲ್ಲಾಗಿತ್ತು. ಅವ್ವ ಒಂದನ್ನು ಮುರಿದು, "ಒಳಗಿನ ಆಲೂಗಡ್ಡಿ ಛಲೋ ಆಗ್ಯಾದ, ಮ್ಯಾಲಿನ ಹಿಟ್ಟ ಬೆಂದಿಲ್ಲ ನೋಡ" ಅಂದಳು.

ಕಾರಣ ಗಾಳಿಯಲ್ಲಿದೆ. 200 ಡಿಗ್ರಿಯ ಓವನ್ನಿನೊಳಗೆ ಕೈಯನ್ನು ಕ್ಷಣಕಾಲ ಚಾಚಬಹುದು. ಅದಕ್ಕಿಂತ ತಣ್ಣಗಿರುವ ಎಣ್ಣೆಗೆ ಬೆರಳು ತಾಗಿದರೂ ಬೊಬ್ಬೆ ಏಳುತ್ತದೆ. ಗಾಳಿ ತೆಳು, ಅದು ಹೊತ್ತು ತರುವ ಶಾಖ ಕಡಿಮೆ. ಜೊತೆಗೆ ಹಿಟ್ಟಿನ ನೀರು ಆವಿಯಾಗುತ್ತ ಮೇಲ್ಮೈಯನ್ನು ತಂಪಾಗಿಡುತ್ತದೆ. ಹೊಂಬಣ್ಣ ಬೇಗ ಬರಬೇಕಾದರೆ ಮೇಲ್ಮೈ ಸುಮಾರು 140 ಡಿಗ್ರಿ ಮುಟ್ಟಬೇಕು. ನೀರು ಆರುವವರೆಗೆ ಅದು 100ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಬ್ರಷ್‌ನಿಂದ ಸವರಿದ ಎಣ್ಣೆಯ ಕೆಲಸ ಇಲ್ಲಿದೆ. ಹಿಟ್ಟಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿಯ ಬದಲು ಎಣ್ಣೆ ಕೂರುತ್ತದೆ, ಶಾಖ ಸಮನಾಗಿ ಹರಡುತ್ತದೆ. ಗಾಜಿನ ಬಾಗಿಲಿನಿಂದ ನೋಡಿದರೆ ಆ ತೆಳುಪದರದಲ್ಲಿ ಸಣ್ಣ ಗುಳ್ಳೆಗಳು ಕಾಣುತ್ತವೆ. ದಪ್ಪಗೆ ಸವರಿದರೆ ಮಾತ್ರ ಎಣ್ಣೆ ಕೆಳಗಿಳಿದು ತಳ ಜಿಡ್ಡಾಗುತ್ತದೆ.

ಕರಿಯುವಾಗ ಹೊದಿಕೆಗೆ ಹೊರಗಿನಿಂದಲೂ ಎಣ್ಣೆ ಇಳಿಯುತ್ತದೆ. ಓವನ್‌ನಲ್ಲಿ ಅದಿಲ್ಲ, ಹಾಗಾಗಿ ಕಲಸುವಾಗಲೇ ಹಾಕಬೇಕು. ಹನ್ನೆರಡು ಸಮೋಸಕ್ಕೆ 250 ಗ್ರಾಂ ಮೈದಾ, ಉಪ್ಪು, 60 ಗ್ರಾಂ ಕಾಸಿದ ಎಣ್ಣೆ. ಎಣ್ಣೆ ಆರಿದ ಮೇಲೆ ಹಿಟ್ಟಿಗೆ ತಿಕ್ಕಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ಜಿಡ್ಡು ಕಣಗಳನ್ನು ಸುತ್ತಿಕೊಂಡು ಹಿಟ್ಟು ನಾರಾಗದಂತೆ ತಡೆಯುತ್ತದೆ. ನೀರು ಸ್ವಲ್ಪ ಸ್ವಲ್ಪವೇ ಚಿಮುಕಿಸಿ ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ಬಟ್ಟೆ ಮುಚ್ಚಿಡಿ. ಪಲ್ಯ ಪೂರ್ತಿ ಆರಿರಲಿ, ಬಿಸಿಯಿದ್ದರೆ ಅದರ ಹಬೆ ತಳವನ್ನು ಮೆತ್ತಗೆ ಮಾಡುತ್ತದೆ.

ಓವನ್ನು ಮೊದಲೇ 200 ಡಿಗ್ರಿಗೆ ಕಾದಿರಲಿ. ಫ್ಯಾನ್ ಇದ್ದರೆ 180 ಸಾಕು. ಎಣ್ಣೆ ಸವರಿ 20 ನಿಮಿಷ, ಮಗುಚಿ ಮತ್ತೊಮ್ಮೆ ತೆಳ್ಳಗೆ ಸವರಿ ಇನ್ನೂ 12ರಿಂದ 15 ನಿಮಿಷ. ಎರಡು ಸಲಕ್ಕೂ ಸೇರಿ ಮೂರು ಟೀ ಚಮಚ ಎಣ್ಣೆ ಸಾಲುತ್ತದೆ. ತಳವನ್ನು ಉಗುರಿನಿಂದ ತಟ್ಟಿ: ಒಣ ಸದ್ದು ಬಂದರೆ ಆಗಿದೆ, ಮಂದ ಸದ್ದಾದರೆ ಇನ್ನೈದು ನಿಮಿಷ. ಸಂಜೆ ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ ಕಾಯಿಲ್‌ನ ಶಕ್ತಿ ಸುಮಾರು ಕಾಲುಭಾಗ ಕುಗ್ಗುತ್ತದೆ, ಆಗ ಓವನ್ ಕಾಯಲು ಹೆಚ್ಚು ಹೊತ್ತು ಕೊಡಬೇಕು.

ಇದು ಎಣ್ಣೆಯಿಲ್ಲದ ಸಮೋಸವಲ್ಲ. ಹಿಟ್ಟಿನದು, ಸವರಿದ್ದು ಸೇರಿ ಒಂದೊಂದರಲ್ಲಿ ಆರು ಗ್ರಾಂನಷ್ಟು ಎಣ್ಣೆ ಇದ್ದೇ ಇದೆ. ರುಚಿಯೂ ಬಿಸ್ಕತ್ತಿನ ಕಡೆಗೆ ವಾಲುತ್ತದೆ. ನನಗೆ ಅದು ಹಿಡಿಸಿದೆ.

ಪಫ್ಸ್‌ನ ಲೆಕ್ಕ ಬೇರೆ. ಅದರ ಜಿಡ್ಡು ಪದರಗಳ ನಡುವೆಯೇ ಇರುವುದರಿಂದ ಮೇಲೆ ಎಣ್ಣೆ ಬೇಡ, ಹಾಲು ಸವರಿದರೆ ಸಾಕು. ಆದರೆ ಬೆಣ್ಣೆ 35 ಡಿಗ್ರಿಯೊಳಗೇ ಕರಗುತ್ತದೆ, ನಮ್ಮ ಬೇಸಿಗೆ 40 ದಾಟುತ್ತದೆ. ಲಟ್ಟಿಸುವಾಗಲೇ ಪದರಗಳು ಒಂದಕ್ಕೊಂದು ಅಂಟಿಕೊಂಡರೆ, ಹಬೆ ಅವನ್ನು ಮತ್ತೆ ಬಿಡಿಸಲಾರದು. ಹಾಗಾಗಿ ನಮ್ಮ ಮನೆಯಲ್ಲಿ ಪಫ್ಸ್ ಚಳಿಗಾಲದ ಮುಂಜಾನೆಯ ಕೆಲಸ.