ಚಿಟಿಕೆ ಉಪ್ಪು ಬಿದ್ದರೆ ಬೇರಿಯಂ ಸಲ್ಫೇಟ್ ಏಕೆ ಹೆಚ್ಚು ಕರಗುತ್ತದೆ?

ಬೇರಿಯಂ ಸಲ್ಫೇಟ್ ನೀರಿನಲ್ಲಿ ಕರಗುವುದಿಲ್ಲ ಎಂದು ಶಾಲೆಯಿಂದಲೇ ಕಲಿತಿರುತ್ತೇವೆ. ಆ ನಂಬಿಕೆಯ ಮೇಲೆಯೇ ಬಿ.ಎಸ್ಸಿ. ವಿದ್ಯಾರ್ಥಿಗಳು ಸಲ್ಫೇಟ್‌ನ ಪ್ರಮಾಣವನ್ನು ತೂಗಿ ಅಳೆಯುತ್ತಾರೆ. ಬೇರಿಯಂ ಕ್ಲೋರೈಡ್ ಹಾಕಿ ಬಿಳಿಯ ಒತ್ತರವನ್ನು ಇಳಿಸಿ, ಸೋಸಿ, ಸುಟ್ಟು, ತಕ್ಕಡಿಗೆ ಇಡುತ್ತಾರೆ. ನಿಜದಲ್ಲಿ ಈ ಬಿಳಿ ಪುಡಿಯೂ ಒಂದಿಷ್ಟು ಕರಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಶುದ್ಧ ನೀರು ಸುಮಾರು ಎರಡೂವರೆ ಮಿಲಿಗ್ರಾಂನಷ್ಟನ್ನು ಒಳಗೆ ಎಳೆದುಕೊಳ್ಳುತ್ತದೆ. ಅದೇ ನೀರಿಗೆ ಒಂದೇ ಒಂದು ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಹಾಕಿ ನೋಡಿ. ಕರಗುವ ಪ್ರಮಾಣ ಸುಮಾರು ಒಂದೂವರೆ ಪಟ್ಟಾಗುತ್ತದೆ.

ಪೊಟ್ಯಾಸಿಯಂ ನೈಟ್ರೇಟ್‌ನಲ್ಲಿ ಬೇರಿಯಮ್ಮೂ ಇಲ್ಲ, ಸಲ್ಫೇಟೂ ಇಲ್ಲ. ಇಷ್ಟು ತೆಳುವಾದ ದ್ರಾವಣದಲ್ಲಿ ಅದು ಇವೆರಡರ ಜೊತೆ ಹೇಳಿಕೊಳ್ಳುವಂಥ ರಾಸಾಯನಿಕ ಕ್ರಿಯೆಯನ್ನೂ ನಡೆಸುವುದಿಲ್ಲ. ಆದರೂ ಗಟ್ಟಿ ಪುಡಿ ನೀರಿಗಿಳಿಯುವ ಪ್ರಮಾಣವನ್ನು ಅದು ಬದಲಿಸಿಬಿಟ್ಟಿತು. ವಿಲೀನತಾ ಗುಣಲಬ್ಧ ಸ್ಥಿರಾಂಕ ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಇದು ನಿಯಮವನ್ನೇ ಮುರಿದಂತೆ ಕಾಣುತ್ತದೆ. ನಿಯಮವೇನೂ ಮುರಿದಿಲ್ಲ. ನಾವು ಅದರೊಳಗೆ ಹಾಕುತ್ತಿದ್ದ ಸಂಖ್ಯೆಯೇ ಬೇರೆಯಾಗಬೇಕಿತ್ತು.

ಆ ಸಂಖ್ಯೆಯ ಹೆಸರು ಆಕ್ಟಿವಿಟಿ. ದ್ರಾವಣದಲ್ಲಿ ಒಂದು ಅಯಾನು ಎಷ್ಟು ಇದೆ ಎಂಬುದು ಅದರ ಸಾರತೆ. ಅದು ಎಷ್ಟಿದ್ದಂತೆ ವರ್ತಿಸುತ್ತದೆ ಎಂಬುದು ಆಕ್ಟಿವಿಟಿ. ಅಮೆರಿಕದ ಗಿಲ್ಬರ್ಟ್ ಲೂಯಿಸ್ 20ನೇ ಶತಮಾನದ ಆರಂಭದಲ್ಲಿ ಈ ಪರಿಕಲ್ಪನೆಯನ್ನು ಕಟ್ಟಿಕೊಟ್ಟರು. ಸಾರತೆಯನ್ನು ಯಾವ ಸಂಖ್ಯೆಯಿಂದ ಗುಣಿಸಿದರೆ ಆಕ್ಟಿವಿಟಿ ಸಿಗುತ್ತದೋ ಅದೇ ಆಕ್ಟಿವಿಟಿ ಗುಣಾಂಕ. ಅದನ್ನು γ ಎಂದು ಬರೆಯುತ್ತಾರೆ. ಉಪ್ಪೇ ಇಲ್ಲವೆನ್ನುವಷ್ಟು ತೆಳುವಾದ ದ್ರಾವಣದಲ್ಲಿ ಅದರ ಬೆಲೆ 1. ಉಪ್ಪು ಸ್ವಲ್ಪ ಸ್ವಲ್ಪವೇ ಹೆಚ್ಚಿದಂತೆ ಅದು 1ಕ್ಕಿಂತ ಕೆಳಗಿಳಿಯುತ್ತದೆ. ಧನ ಅಯಾನನ್ನು ಬಿಟ್ಟು ಋಣ ಅಯಾನೊಂದನ್ನೇ ನೀರಿಗೆ ಹಾಕಲು ಬರುವುದಿಲ್ಲವಾದ್ದರಿಂದ ಪ್ರಯೋಗದಲ್ಲಿ ಸಿಗುವುದು ಎರಡರ ಸರಾಸರಿ ಗುಣಾಂಕ, γ±.

ಇದು ಕೆಳಗಿಳಿಯುವುದೇಕೆ? ನೀರಿನಲ್ಲಿರುವ ಒಂದು ಬೇರಿಯಂ ಅಯಾನನ್ನು ಕಲ್ಪಿಸಿಕೊಳ್ಳಿ. ಅದು ಧನ ಆವೇಶದ್ದು. ಸುತ್ತ ಓಡಾಡುವ ಋಣ ಅಯಾನುಗಳು ಸರಾಸರಿಯಲ್ಲಿ ಅದರ ಹತ್ತಿರ ತುಸು ಹೆಚ್ಚು ಹೊತ್ತು ಇರುತ್ತವೆ, ಧನ ಅಯಾನುಗಳು ತುಸು ಕಡಿಮೆ. ಶಾಖದ ಚಲನೆ ಅವನ್ನು ಸದಾ ಚದುರಿಸುತ್ತಿರುತ್ತದೆ, ಆಕರ್ಷಣೆ ಮತ್ತೆ ಸೆಳೆಯುತ್ತಿರುತ್ತದೆ. ಈ ಎರಡರ ನಡುವಿನ ಸಮತೋಲದಲ್ಲಿ ಪ್ರತಿ ಅಯಾನಿನ ಸುತ್ತಲೂ ವಿರುದ್ಧ ಆವೇಶದ ಒಂದು ತೆಳುವಾದ ಮೋಡ ಕಟ್ಟುತ್ತದೆ. ಮೋಡದೊಳಗಿರುವ ಅಯಾನಿಗೆ ಶಕ್ತಿ ಕಡಿಮೆ, ನೆಮ್ಮದಿ ಹೆಚ್ಚು. ಅದು ಸುಲಭವಾಗಿ ಹರಳಿಗೆ ಹಿಂದಿರುಗುವುದಿಲ್ಲ. ಬೇರಿಯಂ ಮತ್ತು ಸಲ್ಫೇಟ್ ಅಯಾನುಗಳು ಹರಳಿಗೆ ಮರಳುವ ವೇಗ ಮತ್ತು ಹರಳಿನಿಂದ ಹೊರಬರುವ ವೇಗ ಸರಿಸಮವಾಗಬೇಕಾದರೆ ಈಗ ನೀರಿನಲ್ಲಿ ಇನ್ನಷ್ಟು ಅಯಾನುಗಳು ಬೇಕು. ಹಾಗಾಗಿ ಪುಡಿ ಇನ್ನಷ್ಟು ಕರಗುತ್ತದೆ.

ಈ ಮೋಡವನ್ನು ಗಣಿತಕ್ಕೆ ಒಗ್ಗಿಸಿದವರು ಪೀಟರ್ ಡಿಬೈ ಮತ್ತು ಎರಿಕ್ ಹ್ಯೂಕೆಲ್. ಇಬ್ಬರೂ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದ್ದಾಗ 1923ರಲ್ಲಿ ಈ ಕೆಲಸ ಪ್ರಕಟವಾಯಿತು. ಅವರಿಗಿಂತ ಐದು ವರ್ಷ ಮೊದಲೇ, 1918ರಲ್ಲಿ, ಕಲ್ಕತ್ತೆಯ ಯುವ ವಿಜ್ಞಾನಿ ಜ್ಞಾನ್ ಚಂದ್ರ ಘೋಷ್ ಇದೇ ಸಮಸ್ಯೆಗೆ ಕೈಹಾಕಿದ್ದರು. ಮುಂದೆ 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು ಇವರೇ. ಪ್ರಬಲ ಲವಣಗಳು ನೀರಿನಲ್ಲಿ ಪೂರ್ತಿಯಾಗಿ ಅಯಾನುಗಳಾಗಿ ಒಡೆದಿರುತ್ತವೆ, ಅವುಗಳ ವಿಚಿತ್ರ ವರ್ತನೆಗೆ ಅಯಾನುಗಳ ನಡುವಿನ ವಿದ್ಯುತ್ ಸೆಳೆತವೇ ಕಾರಣ ಎಂದು ಅವರು ಹಿಡಿದ ದಾರಿ ಸರಿಯಾಗಿತ್ತು. ಆದರೆ ದ್ರಾವಣದಲ್ಲೂ ಅಯಾನುಗಳು ಹರಳಿನಲ್ಲಿದ್ದಂತೆ ಕ್ರಮವಾದ ಜಾಲರಿಯಲ್ಲಿ ನಿಂತಿರುತ್ತವೆ ಎಂದು ಅವರು ಭಾವಿಸಿದರು. ಅದರಿಂದ ಸಾರತೆಯ ಘನಮೂಲಕ್ಕೆ ಸಂಬಂಧಿಸಿದ ಸೂತ್ರ ಬಂತು. ಡಿಬೈ ಮತ್ತು ಹ್ಯೂಕೆಲ್ ಶಾಖದ ಚಲನೆಯನ್ನು ಲೆಕ್ಕಕ್ಕೆ ತಂದರು. ಅವರಿಗೆ ವರ್ಗಮೂಲ ದೊರೆಯಿತು. ತೀರ ತೆಳುವಾದ ದ್ರಾವಣಗಳ ಅಳತೆಗಳು ನಿಂತದ್ದು ವರ್ಗಮೂಲದ ಪರವಾಗಿ. ಘೋಷ್ ಅವರ ಸೂತ್ರ ಉಳಿಯಲಿಲ್ಲ ನಿಜ, ಆದರೆ ಪ್ರಶ್ನೆಯನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದವರಲ್ಲಿ ಅವರಿಗೆ ಸಲ್ಲಬೇಕಾದ ಸ್ಥಾನವನ್ನು ನಮ್ಮ ಪಠ್ಯಗಳು ಕೊಟ್ಟಿಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ಲೆಕ್ಕಕ್ಕೆ ಬರೋಣ. ಮೋಡ ಎಷ್ಟು ದಟ್ಟವೆಂದು ತಿಳಿಯಲು ದ್ರಾವಣದಲ್ಲಿರುವ ಎಲ್ಲ ಅಯಾನುಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು. 1921ರಲ್ಲಿ ಲೂಯಿಸ್ ಮತ್ತು ಮರ್ಲ್ ರ್‍ಯಾಂಡಲ್ ಅಳತೆಗಳನ್ನು ನೋಡಿಯೇ ಕಂಡುಕೊಂಡ ಅಯಾನ್ ಬಲ ಇದಕ್ಕೆ ಒದಗುತ್ತದೆ:

I = ½ Σ c z²

ಇಲ್ಲಿ c ಎಂದರೆ ಪ್ರತಿ ಅಯಾನಿನ ಸಾರತೆ, z ಎಂದರೆ ಅದರ ಆವೇಶ. ಆವೇಶದ ವರ್ಗ ಇರುವುದನ್ನು ಗಮನಿಸಿ. ಎರಡು ಆವೇಶದ ಅಯಾನು ಒಂದು ಆವೇಶದ ನಾಲ್ಕು ಅಯಾನುಗಳಿಗೆ ಸಮ. ಲೀಟರಿಗೆ 0.01 ಮೋಲ್ ಪೊಟ್ಯಾಸಿಯಂ ನೈಟ್ರೇಟ್ ಇದ್ದರೆ I ಕೂಡ 0.01. ಅಷ್ಟೇ ಸೋಡಿಯಂ ಸಲ್ಫೇಟ್ ಇದ್ದರೆ ಸೋಡಿಯಂ 0.02, ಸಲ್ಫೇಟ್ 0.01ರ ನಾಲ್ಕು ಪಟ್ಟು. ಕೂಡಿಸಿ ಅರ್ಧ ಮಾಡಿದರೆ 0.03. ವಿದ್ಯಾರ್ಥಿಗಳ ಲೆಕ್ಕ ಹೆಚ್ಚಾಗಿ ತಪ್ಪುವುದು ಇಲ್ಲಿಯೇ: ಸೋಡಿಯಂ ಎರಡಿದೆ ಎಂಬುದು ಮರೆಯುತ್ತದೆ, ಇಲ್ಲವೇ ಆ ಅರ್ಧ ಮರೆಯುತ್ತದೆ.

ಮುಂದಿನದು ಸೀಮಾ ನಿಯಮ. 25 ಡಿಗ್ರಿಯ ನೀರಿಗೆ ಅದು ಹೀಗಿದೆ:

log γ± = −0.509 |z₊ z₋| √I

ವರ್ಗಮೂಲ ಬಂದ ಕಾರಣ ಸರಳ. ಅಯಾನ್ ಬಲ ಹೆಚ್ಚಿದಂತೆ ಮೋಡ ಕುಗ್ಗಿ ಅಯಾನಿನ ಹತ್ತಿರ ಬರುತ್ತದೆ, ಅದರ ದೂರ √I ಗೆ ವಿಲೋಮವಾಗಿರುತ್ತದೆ. ಎರಡು ಆವೇಶಗಳ ನಡುವಿನ ಶಕ್ತಿ ದೂರಕ್ಕೆ ವಿಲೋಮ. ಹಾಗಾಗಿ ಶಕ್ತಿಯ ಇಳಿಕೆ √I ಗೆ ನೇರ ಅನುಪಾತದಲ್ಲಿದೆ. 0.509 ಎಂಬ ಅಂಕಿಯೊಳಗೆ ತಾಪಮಾನವೂ ಆವೇಶಗಳ ಸೆಳೆತವನ್ನು ತಗ್ಗಿಸುವ ನೀರಿನ ಗುಣವೂ ಅಡಗಿವೆ. ಇದು ಹತ್ತರ ಆಧಾರದ ಲಾಗ್‌ಗೆ ಮಾತ್ರ ಹೊಂದುವ ಅಂಕಿ ಎಂಬುದನ್ನು ಕ್ಯಾಲ್ಕುಲೇಟರ್ ಹಿಡಿದವರು ನೆನಪಿನಲ್ಲಿಡಬೇಕು.

ನಮ್ಮ ಬೇರಿಯಂ ಸಲ್ಫೇಟ್‌ನ ವಿಲೀನತಾ ಗುಣಲಬ್ಧ 1.1 × 10⁻¹⁰. ಗುಣಾಂಕವನ್ನು ಮರೆತರೆ ಇದರ ವರ್ಗಮೂಲವೇ ಕರಗುವ ಪ್ರಮಾಣ: ಲೀಟರಿಗೆ 1.05 × 10⁻⁵ ಮೋಲ್. ಪೊಟ್ಯಾಸಿಯಂ ನೈಟ್ರೇಟ್ 0.01 ಇರುವಾಗ √I ಎಂದರೆ 0.1. ಬೇರಿಯಂ ಸಲ್ಫೇಟ್ ತಾನೇ ಕರಗಿ ಕೊಡುವ ಅಯಾನುಗಳು ಇದರ ಮುಂದೆ ನಗಣ್ಯ, ಬಿಟ್ಟುಬಿಡಬಹುದು. ಆವೇಶಗಳು 2 ಮತ್ತು 2, ಗುಣಿಸಿದರೆ 4. ಆದ್ದರಿಂದ log γ± = −0.509 × 4 × 0.1 = −0.204, ಎಂದರೆ γ± ಸುಮಾರು 0.63. ಸ್ಥಿರವಾಗಿರಬೇಕಾದದ್ದು ಆಕ್ಟಿವಿಟಿಗಳ ಗುಣಲಬ್ಧ. ಹಾಗಾಗಿ ಕರಗುವ ಪ್ರಮಾಣ 1.05 × 10⁻⁵ ಅನ್ನು 0.63ರಿಂದ ಭಾಗಿಸಿದಷ್ಟು, ಸುಮಾರು 1.7 × 10⁻⁵ ಮೋಲ್. ತೂಕದಲ್ಲಿ ಸುಮಾರು 3.9 ಮಿಲಿಗ್ರಾಂ.

ಬೇರಿಯಂ ಸಲ್ಫೇಟ್ ಬದಲು ಸಿಲ್ವರ್ ಕ್ಲೋರೈಡ್ ಹಾಕಿದ್ದರೆ? ಆವೇಶಗಳು 1 ಮತ್ತು 1. ಅದೇ ದ್ರಾವಣದಲ್ಲಿ γ± 0.89 ಬರುತ್ತದೆ, ಕರಗುವಿಕೆ ಹೆಚ್ಚುವುದು ಶೇ 12ರಷ್ಟು ಮಾತ್ರ. ಉಪ್ಪಿನ ಹೆಸರಿಗಿಂತ ಆವೇಶ ಮುಖ್ಯ ಎಂದು ಈ ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟರೆ ತಿಳಿಯುತ್ತದೆ. 1924ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲಾಮರ್ ಸೀಮಾ ನಿಯಮವನ್ನು ಪರೀಕ್ಷಿಸಿದ್ದೂ ಇದೇ ದಾರಿಯಲ್ಲಿ. ಕಷ್ಟದಿಂದ ಕರಗುವ ಕೋಬಾಲ್ಟ್ ಸಂಕೀರ್ಣ ಲವಣಗಳನ್ನು ತೆಳು ಉಪ್ಪುನೀರಿನಲ್ಲಿ ಕರಗಿಸಿ, ಕರಗಿದ್ದು ಎಷ್ಟೆಂದು ಅಳೆದರು. √I ಎದುರು ಗುರುತಿಸಿದಾಗ ಆವೇಶಕ್ಕೆ ತಕ್ಕ ಇಳಿಜಾರಿನ ನೇರ ಗೆರೆಗಳು ಸಿಕ್ಕವು.

ಪೊಟ್ಯಾಸಿಯಂ ನೈಟ್ರೇಟ್ ಜಾಗದಲ್ಲಿ ಸೋಡಿಯಂ ಸಲ್ಫೇಟ್ ಹಾಕಿದರೆ ಕಥೆ ತಿರುಗಿಬಿಡುತ್ತದೆ. ಆಗಲೂ ಗುಣಾಂಕ ಇಳಿಯುತ್ತದೆ, ಆದರೆ ಹೊರಗಿನಿಂದ ಬಂದ ಸಲ್ಫೇಟ್ ಬೇರಿಯಂ ಸಲ್ಫೇಟನ್ನು ಹಿಂದಕ್ಕೆ ತಳ್ಳಿ ಕರಗುವಿಕೆಯನ್ನು ನೂರಾರು ಪಟ್ಟು ಕುಗ್ಗಿಸುತ್ತದೆ. ಎರಡೂ ಪರಿಣಾಮಗಳನ್ನು ಸೇರಿಸಿಯೇ ಲೆಕ್ಕ ಹಾಕಬೇಕು.

ಈ ನಿಯಮ ಎಲ್ಲಿಯವರೆಗೆ ನಂಬಿಕೆಗೆ ಅರ್ಹ? ಡಿಬೈ ಮತ್ತು ಹ್ಯೂಕೆಲ್ ಇದನ್ನು ಪಡೆಯುವಾಗ ಅಯಾನುಗಳಿಗೆ ಗಾತ್ರವೇ ಇಲ್ಲ, ಅವು ಬರಿಯ ಬಿಂದುಗಳು ಎಂದುಕೊಂಡಿದ್ದರು. ಅಯಾನ್ ಬಲ 0.001 ಇದ್ದಾಗ ಮೋಡ ಸುಮಾರು 10 ನ್ಯಾನೊಮೀಟರ್ ದೂರದಲ್ಲಿರುತ್ತದೆ. ಅಯಾನುಗಳು ಅದರ ಮುಂದೆ ಬಿಂದುಗಳೇ ಸರಿ. 0.1ಕ್ಕೆ ಬಂದಾಗ ಆ ದೂರ 1 ನ್ಯಾನೊಮೀಟರ್. ನೀರನ್ನು ಹೊದ್ದ ಅಯಾನಿನ ಗಾತ್ರದ ಮುಂದೆ ಅದು ದೊಡ್ಡ ದೂರವಲ್ಲ, ಬಿಂದು ಎಂಬ ಕಲ್ಪನೆ ಅಲ್ಲಿ ನಿಲ್ಲುವುದಿಲ್ಲ. ಅಡುಗೆ ಉಪ್ಪಿನ ಅಂಕಿಗಳಲ್ಲೇ ಇದನ್ನು ನೋಡಬಹುದು. 0.001ರಲ್ಲಿ ನಿಯಮ ಹೇಳುವುದು 0.964, ಅಳತೆ ಹೇಳುವುದು 0.965. 0.01ರಲ್ಲಿ 0.889 ಮತ್ತು 0.902. 0.1ರಲ್ಲಿ 0.69 ಮತ್ತು 0.78. ಕೊನೆಯ ಜೋಡಿಯನ್ನು ಒಪ್ಪಲಾಗದು.

ಹೆಚ್ಚು ಆವೇಶದ ಅಯಾನುಗಳಲ್ಲಿ ನಿಯಮ ಇನ್ನೂ ಬೇಗ ಸೋಲುತ್ತದೆ. ಮೇಲಿನ 3.9 ಮಿಲಿಗ್ರಾಂನಲ್ಲೂ ಆ ದೋಷ ಇದೆ. ಅಯಾನಿನ ಗಾತ್ರವನ್ನು ಒಪ್ಪಿಕೊಂಡು √I ಅನ್ನು 1 + √I ಇಂದ ಭಾಗಿಸಿದರೆ γ± 0.65 ಆಗಿ ಉತ್ತರ 3.8ಕ್ಕೆ ಇಳಿಯುತ್ತದೆ. ಅಲ್ಲಿ ವ್ಯತ್ಯಾಸ ಸಣ್ಣದು. ಆದರೆ ಪೊಟ್ಯಾಸಿಯಂ ನೈಟ್ರೇಟ್ ಅನ್ನು 0.1ಕ್ಕೆ ಏರಿಸಿ ಅದೇ ಲೆಕ್ಕ ಮಾಡಿ: ಸೀಮಾ ನಿಯಮ 0.23 ಎನ್ನುತ್ತದೆ, ತಿದ್ದಿದ ಸೂತ್ರ 0.32. ಎರಡು ಸೂತ್ರಗಳು ಹೀಗೆ ದೂರವಾದಾಗಲೇ ಸೀಮಾ ನಿಯಮದ ಗಡಿ ದಾಟಿದ್ದೇವೆ ಎಂದು ತಿಳಿಯಬೇಕು. ಪ್ರಯೋಗದಲ್ಲಾದರೆ √I ಎದುರು log γ± ಗುರುತಿಸಿ ನೋಡಬೇಕು. ಬಿಂದುಗಳು ನಿಯಮದ ಗೆರೆಗಿಂತ ಮೇಲೆ ಸರಿದರೆ ಅಯಾನಿನ ಗಾತ್ರ ಮಾತನಾಡುತ್ತಿದೆ. ಕೆಳಗೆ ಸರಿದರೆ ಧನ ಮತ್ತು ಋಣ ಅಯಾನುಗಳು ಜೋಡಿಯಾಗುತ್ತಿವೆ ಎಂಬ ಅನುಮಾನ ಪಡಬೇಕು. ಮೆಗ್ನೀಸಿಯಂ, ಸತು, ತಾಮ್ರದ ಸಲ್ಫೇಟ್‌ಗಳಲ್ಲಿ ಇದು ಸಾಮಾನ್ಯ, ಅಲ್ಲಿ ಅಯಾನ್ ಬಲದ ಲೆಕ್ಕವೇ ಮೊದಲು ತಿದ್ದಬೇಕಾಗುತ್ತದೆ.

ಪ್ರಯೋಗಾಲಯದ ರೆಕಾರ್ಡ್ ಬರೆಯುವವರಲ್ಲಿ ಒಂದು ಕೋರಿಕೆ. ವಿಲೀನತಾ ಗುಣಲಬ್ಧವನ್ನೋ ಆಮ್ಲದ ಸ್ಥಿರಾಂಕವನ್ನೋ ಬರೆದಾಗ ಅದರ ಪಕ್ಕದಲ್ಲಿ ತಾಪಮಾನವನ್ನು ಬರೆಯುವಂತೆ ಅಯಾನ್ ಬಲವನ್ನೂ ಬರೆಯಿರಿ. ಅದು 0.01ಕ್ಕಿಂತ ಕಡಿಮೆ ಇದ್ದು ಆವೇಶಗಳೂ ಸಣ್ಣವಾಗಿದ್ದರೆ, ಒಂದೇ ಸಾಲಿನ ಈ ಸೂತ್ರದಿಂದ ಓದುಗರು ನಿಮ್ಮ ಅಂಕಿಯನ್ನು ಶುದ್ಧ ನೀರಿಗೆ ಹೊಂದಿಸಿಕೊಳ್ಳುತ್ತಾರೆ.