ಕೆಪಾಸಿಟರ್ ಎಷ್ಟು ದೊಡ್ಡದಿರಬೇಕು?

ಸಣ್ಣ ವರ್ಕ್‌ಶಾಪೊಂದರಲ್ಲಿ 7.5 ಎಚ್‌ಪಿಯ ಮೂರು ಲೇತ್‌ಗಳಿವೆ ಎಂದಿಟ್ಟುಕೊಳ್ಳೋಣ. ಮೂರೂ ಓಡುವಾಗ ಲೋಡು 12 ಕಿಲೋವಾಟ್. 415 ವೋಲ್ಟಿನ ತ್ರೀ ಫೇಸ್ ಲೈನಿನಲ್ಲಿ ಇಷ್ಟು ಕೆಲಸಕ್ಕೆ ಫೇಸಿಗೆ 17 ಆಂಪ್ ಸಾಕು. ಆದರೆ ಕ್ಲ್ಯಾಂಪ್ ಮೀಟರ್ 24 ಆಂಪ್ ತೋರಿಸುತ್ತದೆ, ಪವರ್ ಫ್ಯಾಕ್ಟರ್ 0.70. ಮೋಟರು ತನ್ನೊಳಗಿನ ಕಾಂತಶಕ್ತಿಗಾಗಿ ಎಳೆದುಕೊಂಡು ಮತ್ತೆ ಲೈನಿಗೇ ಮರಳಿಸುವ ಕರೆಂಟೂ ಇದರಲ್ಲಿ ಸೇರಿದೆ. ಅದರಿಂದ ಕೇಬಲ್ ಕಾಯುತ್ತದೆ, ಬಿಲ್ಲಿಗೆ ದಂಡ ಸೇರುತ್ತದೆ. ಆ ಕರೆಂಟನ್ನು ಮೋಟರಿನ ಪಕ್ಕದಲ್ಲೇ ಒದಗಿಸುವುದು ಕೆಪಾಸಿಟರಿನ ಕೆಲಸ.

ಅಳತೆಗೆ ಒಂದು ಸೂತ್ರವಿದೆ:

```
kVAr = kW × (tan φ1 − tan φ2)
```

φ1 ಈಗಿನ ಕೋನ, φ2 ನಮಗೆ ಬೇಕಾದದ್ದು. 0.70ಯಿಂದ 0.95ಕ್ಕೆ ಏರಿಸಲು ಆವರಣದೊಳಗಿನ ಬೆಲೆ 0.69. ಅದನ್ನು 12ರಿಂದ ಗುಣಿಸಿದರೆ ಸುಮಾರು 8.3 ಕೆವಿಎಆರ್. ಇಲ್ಲೊಂದು ಸೂಕ್ಷ್ಮವಿದೆ. 440 ವೋಲ್ಟಿಗೆಂದು ಮಾಡಿದ ಕೆಪಾಸಿಟರ್ 415ರಲ್ಲಿ ತನ್ನ ಅಳತೆಯ ಶೇ. 89ರಷ್ಟೇ ಕೊಡುತ್ತದೆ. ಹಾಗಾಗಿ ಲೇತಿಗೊಂದರಂತೆ 3 ಕೆವಿಎಆರ್‌ನ ಮೂರು ತಂದರೆ ಒಟ್ಟು 8 ಸಿಗುತ್ತದೆ. ಅಷ್ಟು ಸಾಕು.

ಒಂದೇ ದೊಡ್ಡ ಕೆಪಾಸಿಟರನ್ನು ಮೇನ್ ಬೋರ್ಡಿಗೆ ಕಾಯಮ್ಮಾಗಿ ಕೂರಿಸಿದರೆ ಏನಾಗುತ್ತದೆ? ಒಂದೇ ಲೇತ್ ಓಡುವಾಗ 8 ಕೆವಿಎಆರ್ ಅತಿಯಾಗುತ್ತದೆ. ಪವರ್ ಫ್ಯಾಕ್ಟರ್ ಮತ್ತೆ 0.71ಕ್ಕೆ ಇಳಿಯುತ್ತದೆ, ಈ ಬಾರಿ ಲೀಡಿಂಗ್ ಕಡೆಗೆ. ಅದಕ್ಕೇ ಆಯಾ ಲೇತಿನ ಸ್ಟಾರ್ಟರಿನ ಔಟ್‌ಪುಟ್ಟಿಗೆ ಅದರದೇ ಕೆಪಾಸಿಟರ್ ಕೊಡಬೇಕು. ಆಗ ಮೋಟರಿನ ಜೊತೆಗೇ ಅದೂ ಆನ್, ಆಫ್ ಆಗುತ್ತದೆ. ಲೋಡಿಲ್ಲದೆ ಓಡುವ ಮೋಟರು ಎಳೆಯುವ ಕೆವಿಎಆರ್‌ನ ಶೇ. 90ನ್ನು ಮಾತ್ರ ಇದು ಮೀರಬಾರದು. ಮೀರಿದರೆ ಸ್ವಿಚ್ ಆಫ್ ಮಾಡಿದ ಮೇಲೂ ಮೋಟರು ಸ್ವಲ್ಪ ಹೊತ್ತು ಜನರೇಟರಿನಂತೆ ವೋಲ್ಟೇಜ್ ಹುಟ್ಟಿಸಬಹುದು. ಇದು ನೇರ ಸ್ಟಾರ್ಟರಿಗೆ ಹೊಂದುವ ಮಾತು. ಸ್ಪೀಡ್ ಡ್ರೈವ್ ಇರುವ ಯಂತ್ರದ ಔಟ್‌ಪುಟ್ಟಿಗೆ ಕೆಪಾಸಿಟರ್ ಎಂದೂ ಕೊಡಬಾರದು.

ಈಗ ಪವರ್ ಅಳೆಯುವ ಕ್ಲ್ಯಾಂಪ್ ಮೀಟರಿನಿಂದ ಫಲ ನೋಡಬಹುದು. ಕ್ಲ್ಯಾಂಪನ್ನು ಮೇನ್ ಕಡೆ, ಅಂದರೆ ಕೆಪಾಸಿಟರ್ ಸೇರುವ ಜಾಗಕ್ಕಿಂತ ಹಿಂದೆ ಹಾಕಬೇಕು. ಮೊದಲಿನ ಕೆಲಸವನ್ನೇ, ಅದೇ ಫೀಡಿನಲ್ಲಿ ಓಡಿಸಿ. ಕರೆಂಟು 24ರಿಂದ ಸುಮಾರು 18 ಆಂಪಿಗೆ ಇಳಿದು, ಪವರ್ ಫ್ಯಾಕ್ಟರ್ 0.94 ತೋರಿಸುತ್ತದೆ. ಕಿಲೋವಾಟ್ ಮಾತ್ರ ಹೆಚ್ಚುಕಡಿಮೆ 12ರಲ್ಲೇ ನಿಲ್ಲುತ್ತದೆ, ಆದ್ದರಿಂದ ಯೂನಿಟ್ ಅರ್ಧವಾದೀತೆಂಬ ಆಸೆ ಬೇಡ. ಕ್ಲ್ಯಾಂಪನ್ನು ಕೆಪಾಸಿಟರಿಗಿಂತ ಮುಂದೆ, ಮೋಟರಿನ ವೈರಿಗೆ ಹಾಕಿದರೆ ಏನೂ ಬದಲಾಗಿಲ್ಲವೆಂಬಂತೆ ಕಾಣುತ್ತದೆ. ಅದೂ ಸರಿಯೇ, ಮೋಟರು ಎಳೆಯುವುದು ಮೊದಲಿನಷ್ಟೇ.

ಕೆಲವು ತಿಂಗಳಿಗೊಮ್ಮೆ ಪ್ರತಿ ಕೆಪಾಸಿಟರಿನ ವೈರಿಗೇ ಕ್ಲ್ಯಾಂಪ್ ಹಾಕಿ. ಫೇಸಿಗೆ 3.7 ಆಂಪ್ ಇರಬೇಕು. ಒಂದು ಫೇಸಿನಲ್ಲಿ ಗಮನಾರ್ಹವಾಗಿ ಕಡಿಮೆ ಕಂಡರೆ ಆ ಕೆಪಾಸಿಟರ್ ಸವೆದಿದೆ ಎಂದರ್ಥ. ಬದಲಿಸುವಾಗ ಸಪ್ಲೈ ಕಿತ್ತು, ಐದು ನಿಮಿಷ ಕಾದು, ಟರ್ಮಿನಲ್‌ಗಳಲ್ಲಿ ವೋಲ್ಟೇಜ್ ಉಳಿದಿಲ್ಲವೆಂದು ಅಳೆದ ನಂತರವೇ ಎಲೆಕ್ಟ್ರಿಷಿಯನ್ ಕೈ ಹಾಕಬೇಕು.